ಕೈಗೆ ಬರುವುದೆಷ್ಟು

ಬೀರ್‌ಗಂಜಿನಿಂದ ಬಂದ ಟಾಂಗಾ ರಕ್ಸೌಲ್ ಸ್ಟೇಷನ್ನಿನ ಬೀದಿಯಲ್ಲಿ ಇಬ್ಬರನ್ನೂ ಇಳಿಸಿ ಹೋಯಿತು. ಹಿಂದೆ ಬಿಟ್ಟದ್ದು ನೇಪಾಳ, ಈಗ ನಿಂತದ್ದು ಬಿಹಾರ. ದೇವೀರಮ್ಮ ಕಂಕುಳಲ್ಲಿದ್ದ ಗಂಟನ್ನು ನೆಲಕ್ಕಿಡಲಿಲ್ಲ. ಅದರೊಳಗೆ ಅವಳ ಗಂಡ ಗೋವಿಂದಯ್ಯನ ಮೂಳೆಯ ಚೂರುಗಳು ಒಂದು ತಾಮ್ರದ ಚೊಂಬಿನಲ್ಲಿ ಬಟ್ಟೆ ಕಟ್ಟಿಕೊಂಡು ಕೂತಿದ್ದವು.

ಕೊಳ್ಳೇಗಾಲದ ದೇವಾಂಗಪೇಟೆಯಿಂದ ಶಿವರಾತ್ರಿಗೆ ಪಶುಪತಿನಾಥನ ದರ್ಶನಕ್ಕೆಂದು ಹೊರಟವರ ಗುಂಪಿನಲ್ಲಿ ಗೋವಿಂದಯ್ಯ ದಂಪತಿಯೂ ಇದ್ದರು. ಗುಂಪು ಕಟ್ಟಿಕೊಂಡು ಬಂದವನು ಮಾದಸ್ವಾಮಿ. ಅವನ ಅಕ್ಕ ಅನಸೂಯಮ್ಮ ದೇವೀರಮ್ಮನ ಗೆಳತಿ; ಎರಡು ಮನೆಯ ಮಗ್ಗಗಳಿಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ಅನಸೂಯಮ್ಮ ತಾನೇ ಮೂರು ಮಗ್ಗ ನಡೆಸುತ್ತಿದ್ದಳು. ಜರಿ ತರಲು ಬೆಂಗಳೂರಿನ ಮಾರವಾಡಿಗಳ ಅಂಗಡಿಗೆ ಓಡಾಡಿ ಹರಕುಮುರುಕು ಹಿಂದಿಯನ್ನೂ ಕಲಿತಿದ್ದಳು. ದೇವೀರಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಸೀರೆ ನೇಯುವುದು ಅವಳ ಕೆಲಸ, ದುಡ್ಡು ಗೋವಿಂದಯ್ಯನ ಕೆಲಸ.

ಕಾಠ್ಮಂಡುವಿನ ಚಳಿಗೆ ಗೋವಿಂದಯ್ಯನ ಎದೆ ಕಟ್ಟಿಕೊಂಡಿತು. ಒಂದು ವಾರ ದಿನಕ್ಕೊಂದು ಸೂಜಿ ಹಾಕಿಸಬೇಕು, ನಡುವೆ ನಿಲ್ಲಿಸಬಾರದು ಎಂದು ಡಾಕ್ಟರು ಹೇಳಿದ್ದರು. ಟಿಕೆಟಿನ ತಾರೀಖು ಮೀರುತ್ತದೆಂದು ಮಾದಸ್ವಾಮಿ ಗುಂಪನ್ನು ಕರೆದುಕೊಂಡು ಕಾಶಿಗೆ ಹೊರಟ. ಅಲ್ಲಿ ಕಾಯುತ್ತೇವೆ, ಹುಷಾರಾದ ಮೇಲೆ ಬನ್ನಿ ಎಂದ. ಅನಸೂಯಮ್ಮ ಮಾತ್ರ ಗೆಳತಿಯ ಜೊತೆ ಉಳಿದಳು. ಛತ್ರದ ಕೋಣೆಗೆ, ಇದ್ದಿಲಿಗೆ, ಮೊದಲ ಸೂಜಿಗಳಿಗೆ ಇಬ್ಬರ ದುಡ್ಡೂ ಕರಗಿತು. ಸೂಜಿಯೊಂದಕ್ಕೆ ಅಲ್ಲಿನ ಒಂಬತ್ತು ರೂಪಾಯಿ. ಇನ್ನೆರಡು ಬಾಕಿಯಿರುವಾಗ ಕೈ ಬರಿದಾಯಿತು. ಅನಸೂಯಮ್ಮನ ಮೈಮೇಲೆ ಮಾರುವಂಥದೇನೂ ಇರಲಿಲ್ಲ. ದೇವೀರಮ್ಮ ಕತ್ತಿನ ತಾಳಿಗೆ ಕೈಯಿಟ್ಟಳು. ಗೋವಿಂದಯ್ಯ ಮಲಗಿದ್ದಲ್ಲಿಂದಲೇ ಅವಳ ಮಣಿಕಟ್ಟು ಹಿಡಿದ. "ನಾನ್ ಬದುಕಿವ್ನಿ ಕಣಮ್ಮಿ," ಎಂದ. ಅದಾಗಿ ಮಾರನೆಯ ದಿನವೇ ಉಸಿರು ನಿಂತಿತು. ಆಮೇಲೆ ತಾಳಿಯನ್ನೂ ಗುಂಡುಗಳನ್ನೂ ಮಾರಿದ್ದಾಯಿತು. ಸೌದೆಗೆ, ಪುರೋಹಿತನಿಗೆ, ಬಸ್ಸಿಗೆ ಹೋಗಿ ಉಳಿದ ಇನ್ನೂರ ಎಪ್ಪತ್ತೆಂಟು ನೇಪಾಳಿ ರೂಪಾಯಿ ಈಗ ಅವಳ ಸೊಂಟದ ಚೀಲದಲ್ಲಿತ್ತು. ಅದನ್ನು ನಮ್ಮ ದುಡ್ಡಾಗಿ ಬದಲಾಯಿಸಿಕೊಂಡರೆ ಕಾಶಿಯ ರೈಲು.

ಸ್ಟೇಷನ್ನಿನ ಎದುರು ಬೀದಿಯ ಎರಡೂ ಬದಿಗೆ ಹಣ ಬದಲಾಯಿಸುವವರ ಕಟ್ಟೆಗಳು ಸಾಲಾಗಿದ್ದವು. ಕಬ್ಬಿಣದ ಜಾಲರಿ, ಹಿಂದೆ ದಿಂಬಿಗೆ ಒರಗಿ ಕೂತ ಮನುಷ್ಯ, ಮುಂದೆ ಸೀಮೆಸುಣ್ಣದಲ್ಲಿ ದರ ಬರೆದ ಹಲಗೆ. ಮೂಲೆಯ ಕಟ್ಟೆಯನ್ನು ಕಂಡು ದೇವೀರಮ್ಮ ಅತ್ತ ನಡೆದಳು.

"ಓಗುವಾಗ ಮಾದಸ್ವಾಮಿ ಬದಲಾಯ್ಸಿದ್ದು ಇಲ್ಲೇ ಅಲ್ವೇನೆ ಅನಸೂಯ? ಗೊತ್ತಿರೋರು. ಇಲ್ಲೇ ಕೊಟ್ಬುಡವ."

"ತಡೀ ದೇವೀರಕ್ಕ. ಅಲಗೆ ಮ್ಯಾಲೆ ನೂರಾ ಮೂವತ್ತಾರು ಅಂತ ಬರ್ದವ್ನೆ."

"ಅಂದ್ರೆ?"

"ನಮ್ಮ ನೂರು ರೂಪಾಯಿ ಬೇಕು ಅಂದ್ರೆ ಅವರ ನೂರಾ ಮೂವತ್ತಾರು ಕೊಡ್ಬೇಕು. ಆ ಕಡೆ ಮುದುಕ ನೂರಾ ಮೂವತ್ತೊಂಬತ್ತು ಬರ್ದವ್ನೆ, ನೋಡು."

ದೇವೀರಮ್ಮ ಎರಡೂ ಹಲಗೆಯನ್ನು ನೋಡಿದಳು. "ಇಲ್ಲಿ ಕಮ್ಮಿ ಕೇಳ್ತಾನೆ. ಇವನೇ ವಾಸಿ."

"ಅಲಗೆ ನೋಡಿ ವಾಸಿ ಅನ್ಬ್ಯಾಡ. ಜರಿ ಯಾಪಾರದಲ್ಲೂ ಇಂಗೇಯ. ಒಂದು ಮಾರ್ಕು ತೂಕದ ಜರಿಗೆ ಇಸ್ಟು ಅಂತ ಕಮ್ಮಿ ಯೋಳ್ತಾರೆ, ಆಮೇಲೆ ತೂಕದ್ದು, ಸಾಗಿಸಿದ್ದು, ದರ್ಮದ್ದು ಅಂತ ಒಂದೊಂದೇ ಸೇರಿಸ್ತಾರೆ. ದರ ಕೇಳಲೇಬ್ಯಾಡ ನೀನು. ಈ ದುಡ್ಡು ಪೂರ್ತಿ ಕೊಟ್ರೆ ನನ್ ಕೈಗೆ ಎಸ್ಟು ಬತ್ತದೆ, ಅದನ್ನ ಕೇಳು. ಎಲ್ಲಾ ಕಳೆದು ಎಸ್ಟು ಅಂತ."

"ನೀನೇ ಕೇಳವ್ವ. ನಂಗೇನು ಗೊತ್ತಾದದು?"

"ನೀನೇ ಕಲಿ ಕಣಕ್ಕ. ಇನ್ಮೇಲೆ ಯಾರವ್ರೆ ನಿಂಗೆ ಮಾಡೋರು?"

ಹೇಳಿದ ಮೇಲೆ ಅನಸೂಯಮ್ಮ ತುಟಿ ಕಚ್ಚಿಕೊಂಡಳು. ದೇವೀರಮ್ಮ ಚೀಲ ಬಿಚ್ಚಿ ನೋಟುಗಳನ್ನು ಜಾಲರಿಯ ಮುಂದಿಟ್ಟು ನಿಂತಳು. ಕಟ್ಟೆಯವನು ಎಣಿಸಿದ. ಆರು ಹತ್ತರ ನೋಟುಗಳನ್ನು ಬೇರೆ ಮಾಡಿ, ಅಂಚು ಹರಿದಿದೆ, ಒಂದೊಂದಕ್ಕೆ ಒಂದು ರೂಪಾಯಿ ಕಡಿತ ಎಂದ. ಉಳಿದ ಇನ್ನೂರ ಎಪ್ಪತ್ತೆರಡನ್ನು ನೂರಾ ಮೂವತ್ತಾರರ ದರದಲ್ಲಿ ಲೆಕ್ಕ ಹಾಕಿ ನಮ್ಮ ಇನ್ನೂರು ಎಂದ. ಕೊನೆಗೆ ನೂರಕ್ಕೆ ನಾಲ್ಕರಂತೆ ಬಟ್ಟಾ ಎಂದ.

"ಬಟ್ಟಾ ಅಂದ್ರೆ ವಟ್ಟ," ಎಂದಳು ಅನಸೂಯಮ್ಮ. "ಬದಲಾಯ್ಸಿಕೊಡೋ ಕೂಲಿ. ಅಲಗೆ ಮ್ಯಾಲೆ ಬರ್ದಿಲ್ಲ ನೋಡು. ಈಗ ಯೋಳು, ಕೈಗೆ ಎಸ್ಟು ಬಂತು?"

ದೇವೀರಮ್ಮ ಹಾಸಿನ ಎಳೆಗಳನ್ನು ಎಣಿಸುವಂತೆ ಬೆರಳು ಮಡಚಿದಳು. "ಎಂಟು ಓಯ್ತು. ನೂರಾ ತೊಂಬತ್ತೆರಡು."

"ದುಡ್ಡು ವಾಪಸ್ ಈಸ್ಕಂಡು ಈಗ ಅಲ್ಲಿ ಕೇಳು."

ಎದುರು ಕಟ್ಟೆಯ ಮುದುಕ ನೋಟುಗಳನ್ನು ತಿರುವಿಹಾಕಿ ಎಣಿಸಿದ. ಹರಿದವನ್ನು ಬೇರೆ ಮಾಡಲಿಲ್ಲ. ಎಲ್ಲಾ ಕಳೆದು ಕೈಗೆಷ್ಟು ಎಂದು ಅನಸೂಯಮ್ಮ ಕೇಳಿದಳು. ಕಳೆಯುವುದೇನಿಲ್ಲ, ನನ್ನ ಲಾಭ ದರದಲ್ಲೇ ಇದೆ ಎಂದ ಮುದುಕ, ಎರಡು ನೂರರ ನೋಟು ತೆಗೆದು ತೋರಿಸಿದ.

"ಎಂಟು ರೂಪಾಯಿ ಎಚ್ಚಾಯ್ತು," ಎಂದಳು ದೇವೀರಮ್ಮ. ಮುಖದಲ್ಲಿ ಒಂದು ಕ್ಷಣ ಬೆರಗು ಮೂಡಿತು. "ಜಾಸ್ತಿ ಕೇಳೋನ ಹತ್ರ ಜಾಸ್ತಿ ಸಿಕ್ತಲ್ಲ."

"ಅದೇ ಕಣಕ್ಕ."

ದೇವೀರಮ್ಮ ನೂರರ ನೋಟುಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಚೀಲದ ದಾರ ಎಳೆಯಲು ಹೋದವಳು ಹಾಗೇ ನಿಂತಳು.

"ಅನಸೂಯ, ಓಗುವಾಗ ನಾನೂ ಇವರೂ ತಲೆಗೆ ಇನ್ನೂರು ಕೊಟ್ಟಿದ್ವಿ. ಈ ಅಜ್ಜ ಆಗಿದ್ರೆ ಇನ್ನೂರಕ್ಕೆ ಅವರ ದುಡ್ಡು ಎಸ್ಟು ಕೊಡ್ತಿದ್ದ? ಕೇಳು."

ಅನಸೂಯಮ್ಮ ಕೇಳಿದಳು. ಕೊಡುವ ದರ ಬೇರೆ, ನೂರಕ್ಕೆ ನೂರಾ ಮೂವತ್ತನಾಲ್ಕು, ಇನ್ನೂರಕ್ಕೆ ಇನ್ನೂರ ಅರವತ್ತೆಂಟು ಎಂದ ಮುದುಕ. ಹೋದ ತಿಂಗಳೂ ಅದೇ ಇತ್ತಂತೆ.

"ನಮಗೆ ಬಂದದ್ದು ತಲೆಗೆ ಇನ್ನೂರ ನಲವತ್ತು," ಎಂದಳು ದೇವೀರಮ್ಮ.

"ಇನ್ನೂರ ನಲವತ್ತಾ?"

"ಹೂಂ. ಮಾದಸ್ವಾಮಿ ಎಣಿಸಿ ಕೊಟ್ಟ. ಇವರು ಎರಡು ಸಲ ಎಣಿಸಿದ್ರು."

ಅನಸೂಯಮ್ಮ ಮೂಲೆಯ ಕಟ್ಟೆಯ ಕಡೆ ನೋಡಿದಳು. "ಮೂಲೆಯವನು ವಟ್ಟ ಇಡ್ಕಂಡಿರ್ತಾನೆ. ನಮ್ಮ ನೂರಕ್ಕೆ ಅವರ ನಾಕು."

"ಎಂಟು ಕಳದ್ರೆ ಇನ್ನೂರ ಅರವತ್ತು," ಎಂದಳು ದೇವೀರಮ್ಮ. ಈಗ ಬೆರಳು ಮಡಚಲಿಲ್ಲ. "ಇನ್ನಿಪ್ಪತ್ತು?"

ದೇವೀರಮ್ಮ ತಾನೇ ಬೀದಿ ದಾಟಿದಳು. ಮೂಲೆಯ ಕಟ್ಟೆಯವನ ಮುಂದೆ ನಿಂತು ಕನ್ನಡದಲ್ಲೇ ಕೇಳಿದಳು. ಅವನಿಗೆ ಅರ್ಥವಾದದ್ದು ಮಾದಸ್ವಾಮಿ ಎಂಬ ಹೆಸರು ಮಾತ್ರ. ಹಿಂದೆಯೇ ಬಂದ ಅನಸೂಯಮ್ಮ ತಡವರಿಸುತ್ತಾ ಹಿಂದಿಯಲ್ಲಿ ಹೇಳಿದಳು. ಅವನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ದಕ್ಷಿಣದ ಮೈಸೂರಿನ ಪಾರ್ಟಿಯವನಲ್ಲವೇ, ವರ್ಷವರ್ಷವೂ ಬರುತ್ತಾನೆ. ಪಾರ್ಟಿ ತರುವವನಿಗೆ ನಿಮ್ಮ ನೂರಕ್ಕೆ ನೇಪಾಳದ ಹತ್ತು ರೂಪಾಯಿ ದಸ್ತೂರಿ, ಅವನ ಕೈಗೇ ಬೇರೆಯಾಗಿ ಕೊಡುತ್ತೇವೆ, ಯಾತ್ರಿಕರಿಗೆ ಉಳಿದದ್ದು. ಇಲ್ಲಿ ಎಲ್ಲರದೂ ಹೀಗೇ ಎಂದ.

"ಏನಂದ?" ಎಂದಳು ದೇವೀರಮ್ಮ.

ಸುಳ್ಳು ಹೇಳಬಹುದಿತ್ತು. ಆ ಬೀದಿಯಲ್ಲಿ ಕನ್ನಡ ಬಲ್ಲವರು ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಅನಸೂಯಮ್ಮ ಹೇಳಿದ್ದು ನಿಜವನ್ನೇ.

"ನೂರಕ್ಕೆ ಹತ್ತು ಮಾದಸ್ವಾಮಿಗೆ ಓಯ್ತದಂತೆ."

"ನಿಂಗೆ ಎಸ್ಟು ಬಂದಿತ್ತು? ನೀನೂ ಇನ್ನೂರೇ ಕೊಟ್ಟಿದ್ದೆ."

"ಇನ್ನೂರ ಅರವತ್ತು." ಅನಸೂಯಮ್ಮನ ದನಿ ಕೇಳಿಸದಷ್ಟು ಸಣ್ಣಗಾಗಿತ್ತು. "ಎಲ್ಲಾರ್ಗೂ ಅಸ್ಟೇ ಅನ್ಕಂಡಿದ್ದೆ ಕಣಕ್ಕ. ಮಾದೇಶ್ವರನಾಣೆ."

ದೇವೀರಮ್ಮ ಅವಳ ಮುಖ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. "ಇವರದಿಪ್ಪತ್ತು, ನಂದಿಪ್ಪತ್ತು," ಎಂದಳು. "ಎರಡು ಸೂಜಿಗೆ ಅದ್ನೆಂಟು ಸಾಕಾಗಿತ್ತು."

ಬಿಸಿಲಿನಲ್ಲಿ ಅಷ್ಟು ಹೊತ್ತು ನಿಂತಿದ್ದವಳು ಕಟ್ಟೆಯ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಚೊಂಬಿನ ಗಂಟು ಮಡಿಲಿಗೆ ಬಂತು. ಆಗಲೂ ಅಳಲಿಲ್ಲ. ಅನಸೂಯಮ್ಮ ನೀರು ತಂದುಕೊಟ್ಟಳು, ಕುಡಿದಳು. ಟಿಕೆಟು ತರುತ್ತೇನೆಂದಾಗ ನೂರರ ನೋಟೊಂದನ್ನು ತೆಗೆದುಕೊಟ್ಟು, "ಚಿಲ್ಲರೆ ಎಣಿಸ್ಕಂಡು ಬಾ," ಎಂದಳು. ಯಾವತ್ತೂ ಆಡದ ಮಾತು ಅದು.

ಕಾಶಿಯ ಛತ್ರದಲ್ಲಿ ಮಾದಸ್ವಾಮಿ ಓಡಿಬಂದು ದೇವೀರಮ್ಮನ ಕಾಲು ಹಿಡಿದುಕೊಂಡು ಅತ್ತ. ಆ ಅಳು ನಾಟಕವಾಗಿರಲಿಲ್ಲ. ಗೋವಿಂದಯ್ಯ ಅವನನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವನು. ಅವನು ಎದ್ದು ಕಣ್ಣೊರೆಸಿಕೊಂಡ ಮೇಲೆ, ಗುಂಪಿನವರೆಲ್ಲರ ಎದುರಿಗೇ ಅನಸೂಯಮ್ಮ ಕೇಳಿದಳು.

"ರಕ್ಸೌಲಲ್ಲಿ ನೂರಕ್ಕೆ ಹತ್ತು ತಕಂಡಿದ್ದು ಉಂಟಾ?"

ಮಾದಸ್ವಾಮಿ ಸುತ್ತ ನೋಡಿದ. "ಪಾರ್ಟಿ ಕಟ್ಟೋರೆಲ್ಲಾ ತಕತಾರೆ ಅಕ್ಕ. ನಾನೊಬ್ನೇ ಅಲ್ಲ. ಅಡುಗೆಯವನಿಗೆ, ಕೂಲಿಗೆ ನಾನೆಲ್ಲಿಂದ ತರ್ಲಿ? ನೀವು ಕೊಟ್ಟ ದುಡ್ಡು ರೈಲಿಗೇ ಸರಿಯಾಯ್ತು."

"ಕೇಳಿ ತಕಬೌದಿತ್ತು. ಯಾಕೆ ಮುಚ್ಚಿಟ್ಟೆ?"

"ಕೇಳಿದ್ರೆ ಯಾರು ಕೊಟ್ಟಾರು?" ಎಂದವನು ದೇವೀರಮ್ಮನ ಕಡೆ ತಿರುಗಿದ. "ಇಪ್ಪತ್ತು ರೂಪಾಯಿಗೆ ಒಂದ್ ಜೀವ ಓಯ್ತದಾ ಅತ್ತಿಗೆ? ನೀವೇ ಯೋಳಿ."

"ಗೊತ್ತಿಲ್ಲಪ್ಪ," ಎಂದಳು ದೇವೀರಮ್ಮ. "ಸೂಜಿ ಆಕಿದ್ರೂ ಓಗ್ತಿತ್ತೇನೋ. ಅದು ಗೊತ್ತಾಗಂಗೇ ಇಲ್ವಲ್ಲ ಈಗ."

ಮಾದಸ್ವಾಮಿ ಒಳಗೆ ಹೋಗಿ ಬಂದು ಮೂರು ಹತ್ತರ ನೋಟನ್ನು ಅವಳ ಮುಂದಿಟ್ಟ. ಅನಸೂಯಮ್ಮ ಅದನ್ನು ಎಸೆಯಲು ಕೈ ಚಾಚಿದಳು. ದೇವೀರಮ್ಮ ತಡೆದು, ನೋಟುಗಳನ್ನು ತಾನೇ ತೆಗೆದುಕೊಂಡಳು. ಅವರ ನಲವತ್ತು ನಮ್ಮ ಮೂವತ್ತಕ್ಕೆ ಹತ್ತಿರ ಹತ್ತಿರ ಆಗುತ್ತದೆ ಎಂದು ಲೆಕ್ಕ ಹಾಕಿ, "ಇದು ನಮ್ಮ ಯಜಮಾನ್ರ ದುಡ್ಡು," ಎಂದು ಚೀಲಕ್ಕೆ ಸೇರಿಸಿದಳು. ಆಮೇಲೆ ಚೊಂಬು ಹಿಡಿದು ಗಂಗೆಯ ಮೆಟ್ಟಿಲಿಳಿದಳು. ಪಾಚಿಗೆ ಕಾಲು ಜಾರುವಂತಿತ್ತು. ಅನಸೂಯಮ್ಮ ಕೈ ನೀಡಿದಳು. ದೇವೀರಮ್ಮ ಹಿಡಿಯಲಿಲ್ಲ. ಒಬ್ಬಳೇ ಇಳಿದು, ಬಟ್ಟೆ ಬಿಚ್ಚಿ, ಮೂಳೆಗಳನ್ನು ನೀರಿಗೆ ಬಿಟ್ಟಳು.

ಊರಿಗೆ ಬಂದ ಮೇಲೆ ಅನಸೂಯಮ್ಮ ತಮ್ಮನ ಮನೆಯ ಕಡೆ ಕಾಲಿಡಲಿಲ್ಲ. ದೇವೀರಮ್ಮನ ಮನೆಗೆ ದಿನವೂ ಹೋದಳು. ದೇವೀರಮ್ಮ ಚಾಪೆ ಹಾಕುತ್ತಿದ್ದಳು, ಎಲೆಅಡಿಕೆ ತಟ್ಟೆ ಮುಂದಿಡುತ್ತಿದ್ದಳು, ಹಾಸಿನ ಮಾತು, ಬಣ್ಣದ ಮಾತು ಆಡುತ್ತಿದ್ದಳು. ರಕ್ಸೌಲಿನ ಮಾತನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು ಎಂದು ಅನಸೂಯಮ್ಮನಿಗೆ ಅನಿಸುತ್ತಿತ್ತು.

ಮುಂದಿನ ಶಿವರಾತ್ರಿ ಹತ್ತಿರವಾದಾಗ ಮಾದಸ್ವಾಮಿ ಮತ್ತೆ ಗುಂಪು ಕಟ್ಟಿದ. ಅನಸೂಯಮ್ಮ ಬೀದಿಯ ಮನೆಮನೆಗೂ ಹೋಗಿ ನಡೆದದ್ದನ್ನು ಹೇಳಿದಳು. ದುಡ್ಡು ನೀವೇ ಬದಲಾಯಿಸಿಕೊಳ್ಳಿ, ಕೈಗೆ ಬರುವುದೆಷ್ಟು ಎಂದು ಕೇಳಿ ಎಂದಳು. ಜನ ತಲೆದೂಗಿದರು. ಭಾಷೆ ಬಾರದ ಊರಲ್ಲಿ ನಾವು ಯಾರನ್ನು ಕೇಳೋದು ತಾಯಿ, ಹೇಗೋ ಕರೆದುಕೊಂಡು ಹೋಗಿಬರುತ್ತಾನಲ್ಲ ಎಂದರು. ಇಬ್ಬರು ಮಾತ್ರ ಹೆಸರು ತೆಗೆಸಿದರು. ಉಳಿದವರನ್ನು ತುಂಬಿಕೊಂಡು ಬಸ್ಸು ದೇವಾಂಗಪೇಟೆಯ ತಿರುವಿನಲ್ಲಿ ಹಾರನ್ ಹೊಡೆಯುವಾಗ ದೇವೀರಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಲಾಳಿ ನಿಲ್ಲಿಸಲಿಲ್ಲ.