ಲಗ್ನಪತ್ರಿಕೆಯಲ್ಲಿ ಗುರುಬಸವ್ವನ ಹೆಸರು

ಬೈಲಹೊಂಗಲದ ಬಜಾರದಲ್ಲಿ ಗುರುಬಸವ್ವನ ಹೊಲಿಗೆ ಅಂಗಡಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಊರ ಹೆಂಗಸರ ಕುಪ್ಪಸ ಹೊಲಿದು ಮಗಳು ಮಧುವನ್ನು ಓದಿಸಿದ್ದಳು. ಈಗ ರಾಮದುರ್ಗದ ಹುಡುಗನಿಗೆ ಕೊಟ್ಟು ಲಗ್ನ ಮಾಡುತ್ತಿದ್ದವಳೂ ಅವಳೇ. ಹಾಗಾಗಿ ಪತ್ರಿಕೆಯಲ್ಲಿ ‘ಆಮಂತ್ರಿಸುವವರು’ ಎಂಬಲ್ಲಿ ತನ್ನ ಹೆಸರೇ ಬರಬೇಕೆಂದು ಹಟ ಹಿಡಿದಳು. ಗಂಡ ಇಲ್ಲದವಳ ಹೆಸರು ಮಂಗಲಕಾರ್ಯದ ಪತ್ರಿಕೆಯಲ್ಲಿ ಬರುವುದೇ ಎಂದು ನಾಲ್ಕು ಜನ ಮೂಗು ಮುರಿದರು. ಮುರಿಯಲಿ, ಮೂಗು ಅವರದು.

ಮಡಿವಾಳೆಪ್ಪನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ, ನೋಡಲೆಂದು ತೆಗೆದುಕೊಟ್ಟ ಪ್ರೂಫನ್ನು ಅವಳು ಅಕ್ಷರ ಅಕ್ಷರ ಓದಿ, ಸರಿಯಿದೆ ಎಂದು ಸಹಿ ಹಾಕಿ, ಹಣವನ್ನೂ ಕೊಟ್ಟು ಬಂದಿದ್ದಳು. ಆದರೆ ಅಚ್ಚಾದ ಪತ್ರಿಕೆಗಳನ್ನು ಪ್ರೆಸ್ಸಿನಿಂದ ಹೊತ್ತು ತಂದವನು ಗಂಡನ ಅಣ್ಣ ನಿಜಗುಣಪ್ಪ. ಅವಳು ಅಂಗಡಿಯಿಂದ ಬರುವಷ್ಟರಲ್ಲಿ ಆತ ಮೇಲಿನ ಪತ್ರಿಕೆಯ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿ ದೇವರ ಮುಂದಿಟ್ಟಿದ್ದ. ಗುರುಬಸವ್ವ ಕೈಮುಗಿದು ಪತ್ರಿಕೆ ತೆರೆದಳು. ಆಮಂತ್ರಿಸುವವರು ನಿಜಗುಣಪ್ಪ ಎಂದಿತ್ತು. ತನ್ನ ಹೆಸರು ಎಲ್ಲೂ ಇರಲಿಲ್ಲ.

“ಇದೇನ್ರಿ ಭಾವಾರ?”

“ನಾನ ಹೇಳಿ ತಿದ್ದಿಸೇನಿ. ಮನಿತನದ ಮರ್ಯಾದಿ ನೋಡಬೇಕಲ್ಲವಾ. ಅರಿಶಿಣ ಹಚ್ಚಿದ ಪತ್ರಿಕಿ ವಾಪಸ್ ಒಯ್ಯಬಾರದು, ಅಪಶಕುನ. ಸುಮ್ನ ಹಂಚೂಣು.”

ಅರಿಶಿಣಕ್ಕೆ ಯಾಕೆ ಅಷ್ಟು ಅವಸರವಾಗಿತ್ತೆಂದು ಆಗ ಗೊತ್ತಾಯಿತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಒಂದು ಹೊತ್ತಿನ ಊಟಕ್ಕೂ ಆಗದ ಮನುಷ್ಯ ಈಗ ಹೆಸರಿಗೆ ಬಂದಿದ್ದ. ಅರಿಶಿಣ ಹಚ್ಚಿದ್ದು ಸೇರಿಸಿ ಅಷ್ಟೂ ಪತ್ರಿಕೆಗಳನ್ನು ಚೀಲಕ್ಕೆ ತುಂಬಿ ಅವಳು ಪ್ರೆಸ್ಸಿನ ದಾರಿ ಹಿಡಿದಳು. ನಿಜಗುಣಪ್ಪ ಬೇಡ ಬೇಡ ಎನ್ನುತ್ತ ಬೆನ್ನು ಹತ್ತಿದ.

ಮಡಿವಾಳೆಪ್ಪ ಗೋಡೆಯ ಮೇಲಿನ ಬರಹ ತೋರಿಸಿದ: ಆರ್ಡರ್ ಕೊಟ್ಟು ಮಾಡಿಸಿದ ಮಾಲು ವಾಪಸ್ ಇಲ್ಲ.

“ನಿಮ್ಮ ಮಗಳ ಹೆಸರಿನ ಪತ್ರಿಕಿ ನಾ ಮತ್ತ್ಯಾರಿಗೆ ಮಾರಲಿ ಹೇಳ್ರಿ? ರದ್ದಿಗೆ ಹಾಕಬೇಕಷ್ಟ.”

“ಖರೇ ಐತಿ,” ಎಂದಳು ಗುರುಬಸವ್ವ. “ನನ್ನ ಅಂಗಡ್ಯಾಗೂ ಹಂಗ ಐತಿ. ಒಬ್ಬಾಕಿ ಅಳತಿಗೆ ಹೊಲದ ಕುಪ್ಪಸ ಇನ್ನೊಬ್ಬಾಕಿಗೆ ಬರಂಗಿಲ್ಲ. ಮನಸಿಗೆ ಬರಲಿಲ್ಲಂತ ತಂದ್ರ ನಾ ತಗೋಳಂಗಿಲ್ಲ. ಆದ್ರ ಅಳತಿ ಸರಿ ಕೊಟ್ಟಾಗ ನಾನ ತಪ್ಪ ಕತ್ತರಿಸಿದ್ರ, ಹೊಸ ಅರಿವಿ ನನ್ನ ರೊಕ್ಕದಾಗ ತಂದು ಹೊಲದು ಕೊಡತೇನಿ. ಈ ಪತ್ರಿಕಿ ಗುಲಾಬಿ ಬಣ್ಣ ಈಗ ನನಗ ಸೇರವಲ್ದು. ಅದಕ್ಕ ನಾ ಏನರ ಅಂದ್ನೇನು? ಅದನ್ನ ಆರಿಸಿದಾಕಿ ನಾನ. ಹೆಸರು ಮಾತ್ರ ನೀವು ಕೆಡಿಸಿದ್ದು. ಪ್ರೂಫ್ ತಗೀರಿ.”

ಮಡಿವಾಳೆಪ್ಪ ತಂತಿಗೆ ಸಿಕ್ಕಿಸಿದ್ದ ಪ್ರೂಫ್ ತೆಗೆದ. ಅವಳ ಹೆಸರೂ ಅಲ್ಲಿತ್ತು, ಸಹಿಯೂ ಇತ್ತು.

“ನಿಮ್ಮ ಭಾವಾರ ಬಂದು ಹೇಳಿದ್ರಲ್ರಿ. ಮನ್ಯಾಗಿನ ಹಿರ್ಯಾರು...”

“ಆರ್ಡರ್ ಕೊಟ್ಟಾಕಿ ಯಾರು? ಸಹಿ ಮಾಡಿದಾಕಿ ಯಾರು? ತಿದ್ದೂಕಿಂತ ಮೊದಲ ನನ್ನ ಕೇಳಿದ್ರೇನು?”

ಪ್ರೆಸ್ಸಿನಲ್ಲಿ ಯಂತ್ರ ತುಳಿಯುತ್ತಿದ್ದವರೂ ಕಾಲು ನಿಲ್ಲಿಸಿದರು.

“ಅರಿಶಿಣ ಬ್ಯಾರೆ ಹಚ್ಚೀರಿ,” ಎಂದು ಮಡಿವಾಳೆಪ್ಪ ಗೊಣಗಿದ. “ಹಂಗಾರ ಹೊಸ ಪತ್ರಿಕಿಗೆ ಕಾಗದದ ರೊಕ್ಕ ನೀವು ಕೊಡ್ರಿ, ಅಚ್ಚಿನ ಕೂಲಿ ನಾ ಬಿಡತೇನಿ.”

“ಅರಿಶಿಣ ಹಚ್ಚಿದ್ದು ಒಂದಕ್ಕ, ಅದನ್ನೂ ನಾ ಹಚ್ಚಿಲ್ಲ. ಒಂದು ಪೈಸೆ ಕೊಡಂಗಿಲ್ಲ. ಸಹಿ ಮಾಡಿದಂಗ ಹೊಸದಾಗಿ ಅಚ್ಚು ಹಾಕಿ, ಹಂಚೂ ಹೊತ್ತಿಗೆ ಕೊಡ್ರಿ. ಆಗಂಗಿಲ್ಲಂದ್ರ ನನ್ನ ರೊಕ್ಕ ಪೂರ್ತಿ ಎಣಸ್ರಿ, ಬ್ಯಾರೆ ಕಡೆ ಹೋಗತೇನಿ. ಎರಡೂ ಇಲ್ಲಂದ್ರ ಬೆಳಗಾವ್ಯಾಗ ಗ್ರಾಹಕರ ವೇದಿಕಿ ಐತಿ. ಅಲ್ಲಿ ವಕೀಲನೂ ಬೇಕಿಲ್ಲ, ನಾನ ನಿಂತು ಹೇಳತೇನಿ. ನಿಮ್ಮ ಗ್ವಾಡಿ ಮ್ಯಾಲಿನ ಬರಹ ನಿಮ್ಮ ತಪ್ಪಿಗೆ ಛತ್ರಿ ಆಗಂಗಿಲ್ಲ.”

“ಲಗ್ನದ ಮನ್ಯಾಕಿ ಕೋರ್ಟು ಹತ್ತತಾಳಂತ!” ಎಂದು ನಿಜಗುಣಪ್ಪ ಬಾಯಿ ಮಾಡಿದ. “ಮಂದಿ ಏನಂದಾರು?”

“ಅನ್ನೂದಿದ್ರ ಲಗ್ನಕ್ಕ ಬಂದು ಉಂಡು ಅನ್ನಲಿ. ಊಟ ಹಾಕಾಕಿ ನಾನ.”

ಮಡಿವಾಳೆಪ್ಪ ಆಕೆಯ ಮುಖ ನೋಡಿದ, ಪ್ರೂಫ್ ನೋಡಿದ. ಬೆಳಗಾವಿಗೆ ಹೋಗುತ್ತೇನೆ ಎಂದವಳು ಹೋಗಿಯೇ ತೀರುತ್ತಾಳೆಂದು ಅವನಿಗೆ ಖಾತ್ರಿಯಾಯಿತು. ಚೀಲ ಒಳಗಿಡಿಸಿ, ಹೆಸರಿನ ಸಾಲಿನ ಮೊಳೆ ಕಿತ್ತು ಮತ್ತೆ ಜೋಡಿಸಲು ಹೇಳಿದ. ಗುರುಬಸವ್ವ ಹೊಸ ಪ್ರೂಫನ್ನು ಮತ್ತೊಮ್ಮೆ ಓದಿ ಸಹಿ ಹಾಕಿದಳು, ಮತ್ತು ಅಚ್ಚು ಮುಗಿಯುವವರೆಗೆ ಅಲ್ಲಿಂದ ಕದಲಲಿಲ್ಲ. ನಿಜಗುಣಪ್ಪನೂ ಹೊರಗೆ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದ.

ಮಸಿ ಆರಿದ ಮೊದಲ ಪತ್ರಿಕೆಯನ್ನು ಹಿಡಿದು ಅವಳು ಸೀದಾ ಆತನ ಎದುರು ಬಂದು ನಿಂತಳು. ತಲೆಯ ಸೆರಗು ಸರಿಮಾಡಿಕೊಂಡು, ಪದ್ಧತಿಯಂತೆ ಎರಡೂ ಕೈಯಿಂದ ಚಾಚಿದಳು.

“ತಗೋರಿ ಭಾವಾರ. ನನ್ನ ಮಗಳ ಲಗ್ನ ಐತಿ, ಬರ್ರಿ. ಕರಿಯಾಕಿ ಯಾರಂತ ಒಳಗ ಬರದೈತಿ.”