ಮತ್ತೆ ಬಿಲ್ಡ್ ಮಾಡಿದರೆ ಬರುತ್ತದೆ

ನನ್ನ ಗಂಡನಿಗೆ ನಾನಿಟ್ಟ ಹೆಸರು ಉಗ್ರಾಣಿ. ಮನೆಯಲ್ಲಿ ಕೆಟ್ಟ ಚಾರ್ಜರನ್ನೂ ಎಸೆಯಲು ಬಿಡುವವನಲ್ಲ, ಇನ್ನು ಅವನ ಲ್ಯಾಪ್‌ಟಾಪಿನ ಕಥೆ ಕೇಳಲೇಬೇಡಿ. ಅರ್ಧಕ್ಕೆ ಬಿಟ್ಟ ಆಟಗಳು, ಮುಚ್ಚಿಹೋದ ಅಂಗಡಿಗಳ ವೆಬ್‌ಸೈಟುಗಳು, ಒಂದು ಭಾನುವಾರದ ಉತ್ಸಾಹಕ್ಕೆ ಹುಟ್ಟಿ ಸೋಮವಾರ ಸತ್ತ ಆ್ಯಪುಗಳು, ಎಲ್ಲವೂ ಅಲ್ಲಿದ್ದವು. ಒಂದೊಂದರ ಹೊಟ್ಟೆಯಲ್ಲೂ ಒಂದು ‘ನೋಡ್ ಮಾಡ್ಯೂಲ್ಸ್’ ಫೋಲ್ಡರು, ಅಂದರೆ ಬೇರೆಯವರು ಬರೆದಿಟ್ಟದ್ದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಸಾವಿರಾರು ಚೂರುಪಾರು ಫೈಲುಗಳು. ಪಕ್ಕದಲ್ಲಿ ‘ಡಿಸ್ಟ್’, ಬಿಲ್ಡ್ ಮಾಡಿದಾಗ, ಅಂದರೆ ಮೂಲದ ಫೋಲ್ಡರಿನಲ್ಲಿ ನಾವು ಬರೆದಿಟ್ಟದ್ದನ್ನು ಕಂಪ್ಯೂಟರ್ ಜೋಡಿಸಿ ಕಟ್ಟಿದಾಗ, ಹೊರಬೀಳುವ ಸಿದ್ಧ ಸರಕು. ಈ ಎರಡನ್ನೂ ಯಾರೂ ಜೋಪಾನ ಮಾಡುವುದಿಲ್ಲ. ಅಳಿಸಿದರೂ ಕಮಾಂಡ್ ಕೊಟ್ಟರೆ ಮರಳಿ ಬರುತ್ತವೆ. ನಾನೂ ಅದೇ ಕಸುಬಿನವಳು, ಇದು ನಾವೆಲ್ಲ ಮೊದಲಿಗೇ ಕಲಿಯುವ ಪಾಠ.

ಆ ಉಗ್ರಾಣದಲ್ಲಿ ಒಂದು ಪ್ರಾಜೆಕ್ಟಿಗೆ ಮಾತ್ರ ಜೀವವಿತ್ತು. ನಮ್ಮ ಅತ್ತೆಗೆ ಗಂಟಲಿನ ಕ್ಯಾನ್ಸರ್ ಆಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಇವನು ಅವರಿಗೊಂದು ವೆಬ್ ಪುಟ ಮಾಡಿಕೊಟ್ಟ. ಟ್ಯಾಬ್ಲೆಟ್ಟಿನಲ್ಲಿ ಗುಂಡಿ ಒತ್ತಿದರೆ ಅತ್ತೆಯ ದನಿಯೇ ಮಾತಾಡುತ್ತಿತ್ತು. ‘ಊಟಕ್ಕೆ ಬನ್ನಿ’, ‘ಬೆನ್ನು ನೋಯ್ತಿದೆ’, ಮಗನಿಗೆ ‘ತಲೆ ಬಾಚ್ಕೊಳೋ ಕತ್ತೆ’, ನನಗೆಂದೇ ‘ಏನಮ್ಮಾ ಮಹಾರಾಣಿ, ಎದ್ಯಾ?’ ನನಗೆ ಆ ಗುಂಡಿ ಕಂಡರೆ ಉರಿಯುತ್ತಿತ್ತು. ಈಗ ಅದೊಂದು ಸಲ ಕೇಳಿದರೆ ಸಾಕು ಅನ್ನಿಸುತ್ತದೆ.

ಆಪರೇಷನ್ನಿನ ದಿನ ಸ್ಟ್ರೆಚರ್ ಬರುವತನಕ ವಾರ್ಡಿನಲ್ಲೇ ರೆಕಾರ್ಡಿಂಗ್ ನಡೆದಿತ್ತು. ಲ್ಯಾಪ್‌ಟಾಪನ್ನು ಮಂಚದ ಮೇಲೇ ಇಟ್ಟುಕೊಂಡು ಒಂದೊಂದೇ ಮಾತು ಹಿಡಿಯುತ್ತಿದ್ದ. ಮತ್ತೆ ಬಿಲ್ಡ್ ಮಾಡುತ್ತ ಕೂರಲು ಪುರಸೊತ್ತಿಲ್ಲದೆ ಆ ಫೈಲುಗಳನ್ನು ಸೀದಾ ಡಿಸ್ಟ್ ಫೋಲ್ಡರಿಗೇ ಹಾಕಿದ. ಮೂಲದ ಫೋಲ್ಡರಿಗೆ ಆಮೇಲೆ ಸೇರಿಸಿದರಾಯಿತು ಅಂದುಕೊಂಡ. ಆಪರೇಷನ್ ಆಯಿತು, ಪುಟ ಸರಿಯಾಗಿಯೇ ಮಾತಾಡಿತು, ಆ ‘ಆಮೇಲೆ’ ಮಾತ್ರ ಬರಲೇ ಇಲ್ಲ.

ಇದಾಗಿ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಗಿರಾಕಿಗೆ ಕೊಡಬೇಕಿದ್ದ ಕೆಲಸದ ಬಿಲ್ಡು ಡಿಸ್ಕಿನಲ್ಲಿ ಜಾಗವಿಲ್ಲ ಎಂದು ನಿಂತುಹೋಯಿತು. ಉಗ್ರಾಣಿ ಕೊನೆಗೂ ಪೊರಕೆ ಹಿಡಿದ. ಎಲ್ಲ ಪ್ರಾಜೆಕ್ಟುಗಳ ಒಳಹೊಕ್ಕು, ಆ ಎರಡು ಹೆಸರಿನ ಫೋಲ್ಡರ್ ಸಿಕ್ಕಲ್ಲೆಲ್ಲ ಅಳಿಸುವ ಒಂದು ಸಾಲಿನ ಕಮಾಂಡ್ ಬರೆದು ನನಗೂ ತೋರಿಸಿದ. ತಪ್ಪಿರಲಿಲ್ಲ. ನಮ್ಮ ಕಸುಬಿನವರು ಯಾರು ನೋಡಿದ್ದರೂ ಸರಿ ಅನ್ನುತ್ತಿದ್ದರು. ಹಾಗೆ ಅಳಿಸಿದ್ದು ಕಸದಬುಟ್ಟಿಗೂ ಹೋಗುವುದಿಲ್ಲ, ನೇರ ಹೋಗಿಬಿಡುತ್ತದೆ. ಅರ್ಧ ಡಿಸ್ಕು ಖಾಲಿಯಾದದ್ದು ಕಂಡು ಇವನು ಖುಷಿಯಿಂದ ಸೀಟಿ ಹಾಕಿದ. ಗಿರಾಕಿಯ ಕೆಲಸ ಮುಗಿಸಿ ಕಳಿಸಿದ, ಅಮ್ಮನ ಪುಟವನ್ನೂ ಮತ್ತೆ ಬಿಲ್ಡ್ ಮಾಡಿದ. ಗುಂಡಿಗಳೆಲ್ಲ ಮೊದಲಿನಂತೆಯೇ ಬಂದವು.

ಮಧ್ಯಾಹ್ನ ಅತ್ತೆ ಬಾಗಿಲಲ್ಲಿ ನಿಂತು ‘ಊಟಕ್ಕೆ ಬನ್ನಿ’ ಒತ್ತಿದರು. ಸದ್ದಿಲ್ಲ. ವಾಲ್ಯೂಮ್ ಏರಿಸಿ ಮತ್ತೆ ಒತ್ತಿದರು. ಇವನು ಲ್ಯಾಪ್‌ಟಾಪಿಗೆ ಓಡಿ ಡಿಸ್ಟ್ ಫೋಲ್ಡರ್ ತೆರೆದದ್ದು ನೋಡಿ ನನಗೆ ಅರ್ಥವಾಯಿತು.

ಹುಡುಕದ ಜಾಗವಿಲ್ಲ. ಬ್ಯಾಕಪ್ಪಿಗೆ ಡಿಸ್ಟ್ ಫೋಲ್ಡರನ್ನು ಬಿಟ್ಟುಬಿಡು ಎಂದು ಇವನೇ ಹೇಳಿಟ್ಟಿದ್ದ, ಬರೆದ ಕೋಡಿನ ಹಳೆಯ ಪ್ರತಿಗಳನ್ನೆಲ್ಲ ಕಾದಿಡುವ ಗಿಟ್ಟಿಗೂ ಹಾಗೆಯೇ. ಟ್ಯಾಬ್ಲೆಟ್ ಏನನ್ನೂ ಉಳಿಸಿಕೊಳ್ಳದೆ ಪ್ರತಿ ಸಲ ಲ್ಯಾಪ್‌ಟಾಪಿನಿಂದಲೇ ತರಿಸಿಕೊಳ್ಳುವಂತೆ ಬರೆದವನೂ ಇವನೇ. ಅಳಿಸಿದ ಫೈಲು ಮರಳಿಸುವ ಅಂಗಡಿಯವನು ಎರಡು ದಿನ ಇಟ್ಟುಕೊಂಡು ಡಿಸ್ಕನ್ನು ವಾಪಸ್ ಕೊಟ್ಟ. ಈ ಬಗೆಯ ಡಿಸ್ಕು ಅಳಿಸಿದ್ದನ್ನು ತಾನೇ ಒರೆಸಿ ಹಾಕುತ್ತದಂತೆ.

ಇವನು ಅಮ್ಮನ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದ.

“ನಿನ್ನ ದನಿ ನಾನೇ ಅಳಿಸ್ಬಿಟ್ಟೆ ಅಮ್ಮಾ,” ಅಂದ. “ಮತ್ತೆ ಬರುತ್ತೆ ಅಂದ್ಕೊಂಡಿದ್ದೆ.”

ಅತ್ತೆಯ ಕಣ್ಣು ತುಂಬಿತು. ಕೋಪವೂ ಇತ್ತು, ಅದನ್ನವರು ಮುಚ್ಚಿಡಲಿಲ್ಲ, ಮುಖ ಗೋಡೆಗೆ ತಿರುಗಿಸಿದರು. ಸ್ವಲ್ಪ ಹೊತ್ತಾದ ಮೇಲೆ ಟ್ಯಾಬ್ಲೆಟ್ ಎತ್ತಿಕೊಂಡು ಒಂದೊಂದೇ ಗುಂಡಿ ಒತ್ತುತ್ತ ಹೋದರು. ಕತ್ತೆಯೂ ಇಲ್ಲ, ಮಹಾರಾಣಿಯೂ ಇಲ್ಲ. ಕಟ್ಟಕಡೆಯ ಗುಂಡಿಯನ್ನು ನಾವು ಮರೆತೇಬಿಟ್ಟಿದ್ದೆವು. ಪುಟ ಶುರುಮಾಡಿದ ಮೊದಲ ದಿನ ಮೈಕ್ ಪರೀಕ್ಷೆಗೆ ಅಂತ ಹಿಡಿದದ್ದು. ಆಗ ಅವಸರವಿರಲಿಲ್ಲವಾದ್ದರಿಂದ ಅದೊಂದನ್ನು ಮೂಲದ ಫೋಲ್ಡರಿನಲ್ಲೇ ಇಟ್ಟಿದ್ದ.

“ಕೇಳಿಸ್ತಾ ಇದ್ಯೇನೋ ಮಗಾ?” ಎಂದಿತು ಅತ್ತೆಯ ದನಿ.

ಇವನು ಕೂತಲ್ಲೇ ಕುಸಿದು ಅತ್ತ. ಅದರ ಒಂದೊಂದು ನಕಲು ಈಗ ನಮ್ಮಿಬ್ಬರ ಫೋನಿನಲ್ಲೂ, ಆಫೀಸಿನಲ್ಲೂ, ನನ್ನ ತಂಗಿಯ ಮನೆಯಲ್ಲೂ ಇದೆ.

ಮಿಷನ್ನಿನ ದನಿ ಹಾಕಿಕೊಡುತ್ತೇವೆ ಎಂದರೆ ಅತ್ತೆ ಒಪ್ಪಲಿಲ್ಲ. ಹಸಿವಾದರೂ, ಬೆನ್ನು ನೋವಾದರೂ, ನಮ್ಮನ್ನು ಎಬ್ಬಿಸಬೇಕಾದರೂ ಆ ಒಂದೇ ಗುಂಡಿ ಒತ್ತುತ್ತಾರೆ. ಇವನು ಯಾವ ಕೋಣೆಯಲ್ಲಿದ್ದರೂ “ಕೇಳಿಸ್ತಿದೆ ಅಮ್ಮಾ” ಎನ್ನುತ್ತ ಎದ್ದು ಹೋಗಿ, ಅವರಿಗೆ ಏನು ಬೇಕೆಂದು ಮುಖ ನೋಡಿ ಹುಡುಕುತ್ತಾನೆ.