ಮಾಡಿಸಿದವರು ಯಾರು?

ಮಲ್ಲಣ್ಣ ಮಾಸ್ತರರಿಗೆ ವ್ಯಾಕರಣವೆಂದರೆ ಪಂಚಪ್ರಾಣ. ಬೇರೆ ಮಾಸ್ತರರು ವ್ಯಾಕರಣದ ತಾಸು ಬಂತೆಂದರೆ ಮಕ್ಕಳಿಗೆ ಶುದ್ಧಲೇಖನ ಕೊಟ್ಟು ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಾಲ ಅದು. ನಮ್ಮ ಮಾಸ್ತರರು ಮಾತ್ರ ಆ ತಾಸಿಗಾಗಿ ಬೆಳಗಿನಿಂದ ಕಾಯುತ್ತಿದ್ದರು. ಝಳಕಿಯಿಂದ ಒಳಗೆ, ಬಸ್ಸಿಳಿದು ಬಹಳ ಹೊತ್ತು ನಡೆಯಬೇಕಾದ ಊರು. ಇದ್ದದ್ದು ಒಂದೇ ಕೋಣೆಯ ಸಾಲೆ. ಅಂಥಲ್ಲಿ ಕೂತು ಈ ಮನುಷ್ಯ ಧಾತು, ಪ್ರತ್ಯಯ ಎಂದು ಮೈಮರೆಯುವುದನ್ನು ನೋಡಿ ಊರಿನವರಿಗೆ ನಗುವೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಆ ವರ್ಷ, ಅಂದರೆ ಅರವತ್ತೆರಡರ ದೀಪಾವಳಿ ಸೂಟಿ ಮುಗಿದ ಮೇಲೆ, ಇಂಡಿಯಲ್ಲಿ ತಾಲೂಕಿನ ಎಲ್ಲ ಮಾಸ್ತರರ ಸಭೆ ಎಂದು ಗೊತ್ತಾಯಿತು. ಅಲ್ಲಿ ಯಾರಾದರೂ ಒಬ್ಬರು ಎಲ್ಲರೆದುರು ವ್ಯಾಕರಣದ ಮಾದರಿ ಪಾಠ ಮಾಡಬೇಕು. ಆ ಒಬ್ಬರನ್ನು ಆರಿಸಲು ಇನ್ಸ್‌ಪೆಕ್ಟರ್ ಶಮಶುದ್ದೀನ ಸಾಹೇಬರು ಸಾಲೆ ಸಾಲೆಗೆ ಬರುತ್ತಿದ್ದರು. ಮಲ್ಲಣ್ಣ ಮಾಸ್ತರರು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಆದರೆ ಆ ಆಸೆ ಅವರ ನಿದ್ದೆ ಕೆಡಿಸಿತ್ತು. ಹನ್ನೊಂದು ವರ್ಷ ಈ ಮೂಲೆಯಲ್ಲಿ ಕೂತು ಕಲಿಸಿದ್ದನ್ನು ನಾಲ್ಕು ಜನ ತಿಳಿದವರು ಕೇಳಲಿ ಎಂದು ಅವರ ಜೀವ ಹಾತೊರೆಯುತ್ತಿತ್ತು.

ಸಾಹೇಬರು ಬಂದ ದಿನ ಕೋಣೆ ಕನ್ನಡಿಯಂತಿತ್ತು. ಮಕ್ಕಳೇ ಕಸ ಹೊಡೆದಿದ್ದರು, ನೆಲ ಸಾರಿಸಿದ್ದರು, ಬಾವಿಯಿಂದ ನೀರು ತಂದು ಮೂಲೆಯ ಕೊಡ ತುಂಬಿದ್ದರು. ದಿನವೂ ಅವರೇ ಮಾಡುತ್ತಿದ್ದರು. ಎಲ್ಲ ಸಾಲೆಗಳಲ್ಲೂ ಅದೇ ರೂಢಿ. ಬಾಗಿಲ ಹತ್ತಿರ, ಉಳಿದವರಿಂದ ಒಂದಿಷ್ಟು ದೂರದಲ್ಲಿ ಕೂರುತ್ತಿದ್ದ ಮರೆವ್ವನಿಗೆ ಮಾತ್ರ ಯಾವ ಕೆಲಸವೂ ಇರಲಿಲ್ಲ. ಅವಳ ಮನೆ ಊರ ಹೊರಗಿನ ಕೇರಿಯಲ್ಲಿ. ಅವಳಪ್ಪ ಬೌದ್ಧನಾಗಿ ನಾಲ್ಕೈದು ವರ್ಷವಾಗಿತ್ತು; ಊರ ಬಾವಿಗೆ ಅದಿನ್ನೂ ತಿಳಿದಿರಲಿಲ್ಲ. ಅವಳಿಗೆ ನೀರಡಿಸಿದರೆ ಭೀಮಶ್ಯಾ ಎಂಬ ಹುಡುಗ ತಂಬಿಗೆ ಎತ್ತಿ ಹಿಡಿದು ಅವಳ ಬೊಗಸೆಗೆ ಮೇಲಿಂದ ಸುರಿಯುತ್ತಿದ್ದ. 'ಪಾಪ, ಆ ಹುಡುಗಿಗ್ಯಾಕ ಕೆಲಸ ಹಚ್ಚೂದು' ಎಂದು ಮಾಸ್ತರರು ತಮಗೆ ತಾವೇ ಹೇಳಿಕೊಂಡಿದ್ದರು. ಹೇಳಿಕೊಂಡು ಹೇಳಿಕೊಂಡು ಅದು ತಮ್ಮ ದೊಡ್ಡ ಗುಣವೆಂದೇ ನಂಬಿದ್ದರು.

ಪಾಠ ಶುರುವಾಯಿತು. ಮಾಸ್ತರರು ಕರಿಹಲಗೆಯ ಮೇಲೆ ಒಂದು ಗಿಡ ಬರೆದರು. ಬೇರಿನಲ್ಲಿ 'ನಡೆ' ಎಂದು ಬರೆದರು. ಟೊಂಗೆಗಳಲ್ಲಿ 'ನಡಿಗೆ', 'ನಡತೆ', 'ನಡೆಸು' ಎಂದು ಬರೆದರು.

"ಕೂಸು ನಡೀತು. ಸಂತಿ ನಡೀತು. ಗೌಡರ ಮಾತು ನಡೀತು. ಬೇರು ಒಂದೇ, ಆದರ ಕಾಲಿಂದ ನಡದದ್ದು ಕೂಸು ಮಾತ್ರ," ಎಂದರು. ಮಕ್ಕಳು ನಕ್ಕರು. "ಈಗ ಅದಕ್ಕ 'ಇಸು' ಹಚ್ಚೋಣು. ತಾಯಿ ಕೂಸನ್ನ ನಡೆಸಿದಳು. ಪಂಚರು ಸಭೆ ನಡೆಸಿದರು. ಮುದುಕಿ ಒಬ್ಬಾಕೀನ ಮನೆತನ ನಡೆಸಿದಳು. ಕೈ ಹಿಡದು ನಡೆಸೂದು ಬ್ಯಾರೆ, ಸಭೆ ನಡೆಸೂದು ಬ್ಯಾರೆ. ಆದರ ಎಲ್ಲಾದರೊಳಗೂ ಹಿಂದ ಒಬ್ಬರು ನಿಂತಿರ್ತಾರ."

ಸಾಹೇಬರು ಕುರ್ಚಿಯನ್ನು ಮುಂದಕ್ಕೆ ಸರಿಸಿಕೊಂಡರು. ಮಾಸ್ತರರ ದನಿಗೆ ಹುರುಪು ಬಂತು.

"ಮಾಡು, ಮಾಡಿಸು. ತರು, ತರಿಸು. ಹೊರು, ಹೊರಿಸು. ಎಲ್ಲಾವೂ ಹಿಂಗ ಸಾಲಿಗೆ ನಿಲ್ಲೂದಿಲ್ಲ. 'ಏಳು' ಅನ್ನೂದಕ್ಕ 'ಏಳಿಸು' ಅಂತೀವೇನು? ಇಲ್ಲ, 'ಎಬ್ಬಿಸು' ಅಂತೀವಿ. ಇಂಥ ವಾಕ್ಯ ಬಂದಾಗ ಎರಡು ಪ್ರಶ್ನಿ ಕೇಳ್ರಿ. ಯಾವುವು?"

"ಮಾಡಿಸಿದವರು ಯಾರು? ಮಾಡಿದವರು ಯಾರು?" ಎಂದು ಇಡೀ ಕೋಣೆ ಒಂದೇ ದನಿಯಲ್ಲಿ ಕೂಗಿತು.

"ಶಾಬ್ಬಾಸ್!" ಎಂದರು ಸಾಹೇಬರು. ಅವರು ಇದೇ ಸೀಮೆಯವರು, ಸಿಂದಗಿ ಕಡೆಯವರು, ಮಾತಿನಲ್ಲಿ ಬಿಗುಮಾನವಿರಲಿಲ್ಲ. "ಭಾಳ ಚಂದ ಹೇಳಿದ್ರಿ ಮಾಸ್ತರ. ಈಗ ಹುಡುಗರನ್ನ ನಾ ಒಂದೀಟು ನೋಡ್ತೇನಿ. ಪುಸ್ತಕದ್ದು ಬ್ಯಾಡ. ನಿಮ್ಮ ಸಾಲ್ಯಾಗ ದಿನಾ ಏನು ನಡೀತೈತಿ, ಅದನ್ನ 'ಇಸು' ಹಚ್ಚಿ ಹೇಳ್ರಿ."

ಭೀಮಶ್ಯಾ ಎಲ್ಲರಿಗಿಂತ ಮೊದಲು ಎದ್ದ. "ಗುರುಗಳು ನನ್ನ ಕಡಿಂದ ಕಸ ಹೊಡಸತಾರ್ರಿ."

"ಮಾಡಿಸಿದವರು?"

"ಗುರುಗಳ್ರಿ."

"ಮಾಡಿದವರು?"

"ನಾನ್ರಿ!" ಎಂದು ಎದೆಯುಬ್ಬಿಸಿ ಹೇಳಿದ.

ಸಾಹೇಬರು ನಕ್ಕರು. ಮಾಸ್ತರರೂ ನಕ್ಕರು. ಕಸ ಹೊಡೆಯುವುದರಲ್ಲೇನು ಬಂತು. ಅಷ್ಟರಲ್ಲಿ ಸುಗ್ರಾ ಎದ್ದಳು. "ಗುರುಗಳು ಬಾಬುಲಾಲನ ಕಡಿಂದ ಎಮ್ಮಿ ಮೈ ತೊಳಸತಾರ್ರಿ." ತನ್ನ ಹೆಸರು ಬಂದದ್ದೇ ತಡ, ಬಾಬುಲಾಲನಿಗೆ ತಡೆಯಲಾಗಲಿಲ್ಲ. "ಕುಳ್ಳೂ ಹೊರಸತಾರ್ರಿ! ನನ್ನ ತಲೀ ಮ್ಯಾಲ ದೊಡ್ಡ ಬುಟ್ಟಿನ ಹೊರಸತಾರ್ರಿ!"

ಮಾಸ್ತರರ ನಗು ಅರ್ಧಕ್ಕೇ ನಿಂತಿತು. ಎಮ್ಮೆ ಅವರ ಮನೆಯದು. ಒಲೆಗೆ ಹಾಕುವ ಸೆಗಣಿಯ ಕುಳ್ಳೂ ಅವರ ಮನೆಯದೇ. ಕೈಯಲ್ಲಿದ್ದ ಸುಣ್ಣದ ಕಡ್ಡಿಯನ್ನು ಎಲ್ಲಿಡಬೇಕೋ ತಿಳಿಯದೆ ಅಂಗಿಯ ಜೇಬಿಗೆ ಹಾಕಿಕೊಂಡರು. ಮಕ್ಕಳ ಮುಖದಲ್ಲಿ ದೂರು ಎಂಬುದು ಎಳ್ಳಷ್ಟೂ ಇರಲಿಲ್ಲ. ಗುರುಗಳು ತಮ್ಮಿಂದಲೇ ಕೆಲಸ ಮಾಡಿಸುತ್ತಾರೆಂಬುದು ಅವಕ್ಕೆ ಹೆಮ್ಮೆ. ಬೈದು ಹೇಳಿದ್ದರೆ ಮಾಸ್ತರರು ಸಿಟ್ಟಾಗಬಹುದಿತ್ತು. ಹೀಗೆ ಪ್ರೀತಿಯಿಂದ, ಒಂದೂ ತಪ್ಪಿಲ್ಲದ ವಾಕ್ಯದಲ್ಲಿ ಹೇಳಿದರೆ ಯಾರ ಮೇಲೆ ಸಿಟ್ಟಾಗುವುದು? ನೆಲ ಬಾಯ್ಬಿಡಬಾರದೇ ಅನ್ನಿಸಿತು ಅವರಿಗೆ.

ಗುಂಡವ್ವ ಎಂಬ ಪುಟ್ಟ ಹುಡುಗಿ ಯೋಚಿಸಿ ಯೋಚಿಸಿ ಹೇಳಿದಳು. "ನಾನು ಗುರುಗಳ ಮನ್ಯಾಗ ಕೂಸನ್ನ ಮಲಗಸತೇನ್ರಿ. ಅಕ್ಕಾರು ನನ್ನ ಕಡಿಂದ ಮಲಗಸತಾರ್ರಿ." ಅಕ್ಕಾರೆಂದರೆ ಮಾಸ್ತರರ ಹೆಂಡತಿ.

"ಅರೇ!" ಎಂದರು ಸಾಹೇಬರು. "ಇದರಾಗ ಮೂರು ಮಂದಿ ಅದಾರಲ್ಲ. ಮಲಗಿದ್ದು ಕೂಸು, ಮಲಗಿಸಿದಾಕಿ ನೀನು, ನಿನ್ನ ಕಡಿಂದ ಮಲಗಿಸಿದವರು ಅಕ್ಕಾರು. ಮಾತು ಒಂದೇ ಇದ್ರೂ ಹಿಂದ ಒಬ್ಬರು, ಅವರ ಹಿಂದ ಇನ್ನೊಬ್ಬರು. ಮಾಸ್ತರ, ಹುಡುಗರು ಖರೇನ ತಿಳಕೊಂಡಾರ."

ಈ ಹೊಗಳಿಕೆಗಾಗಿಯೇ ಅಲ್ಲವೇ ಮಾಸ್ತರರು ತಿಂಗಳಿಂದ ಕನಸು ಕಂಡದ್ದು? ಈಗ ಅದು ಕೈಗೆ ಬಂದರೂ ಹಿಡಿಯಲು ನಾಚಿಕೆ. "ಸಾಕ್ರಿ ಸಾಹೇಬ್ರ, ಚಾ ಆರತೈತಿ," ಎಂದರು.

"ಇರ್ಲಿ. ಆ ಬಾಗಲದಾಗ ಕೂತಾಕಿ ಒಂದೂ ಹೇಳಿಲ್ಲಲ್ಲ. ಏನವ್ವಾ ನಿನ್ನ ಹೆಸರು?"

ಮರೆವ್ವ ಎದ್ದು ನಿಂತಳು. ಹೆಸರು ಹೇಳಿದಳು. ಆಮೇಲೆ ಲಂಗದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಉಳಿದವರಿಗೆಲ್ಲ ಹೇಳಲು ಏನಾದರೊಂದಿತ್ತು. ತನಗೇನೂ ಸಿಗದೆ ಹುಡುಕುತ್ತಿದ್ದಾಳೆ ಎಂದು ಮಾಸ್ತರರಿಗೆ ಗೊತ್ತಾಯಿತು.

"ಗುರುಗಳು ಎಲ್ಲಾರ ಕಡಿಂದ ನೀರ ತರಸತಾರ್ರಿ," ಎಂದಳು ಮರೆವ್ವ. "ನನ್ನ ಕಡಿಂದ ತರಸೂದಿಲ್ರಿ."

ಸಾಹೇಬರು ಮೂಲೆಯ ಕೊಡದ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು. ಹುಡುಗಿ ಮಾತ್ರ ಮಾಸ್ತರರನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ.

"ಸರಿ ಐತೇನ್ರಿ ಗುರುಗಳ?"

ವ್ಯಾಕರಣದಲ್ಲಿ ಸುಳ್ಳು ಹೇಳಿ ಅವರಿಗೆ ರೂಢಿಯಿರಲಿಲ್ಲ. "ಸರಿ ಐತವ್ವಾ," ಎಂದರು. "ಕೂಡು."

ಸಾಹೇಬರು ಚಹಾ ಕುಡಿದರು, ಮಕ್ಕಳ ಬೆನ್ನು ತಟ್ಟಿದರು. ಎಮ್ಮೆಯ ಸುದ್ದಿ ತೆಗೆಯಲಿಲ್ಲ, ಕುಳ್ಳಿನ ಸುದ್ದಿ ತೆಗೆಯಲಿಲ್ಲ. ಹೊರಡುವಾಗ ಬೇವಿನ ಗಿಡದ ಕೆಳಗೆ ನಿಂತು ಸೈಕಲ್ಲಿನ ಹಿಡಿಕೆಯ ಮೇಲೆ ಕೈಯಿಟ್ಟರು.

"ಇಂಡಿಯೊಳಗ ಮಾದರಿ ಪಾಠ ನಿಮ್ಮದ," ಎಂದರು. "ಇಂಥಾ ಪಾಠ ನಾ ಎಲ್ಲೂ ನೋಡಿಲ್ಲ. ಒಂದ ಮಾತು. ಹುಡುಗರು ಹೇಳಿದ ವಾಕ್ಯಾನ ಹಲಗಿ ಮ್ಯಾಲ ಬರೀರಿ. ಒಂದೂ ಬಿಡಬ್ಯಾಡ್ರಿ. ಕಡೀದಂತೂ ಬಿಡಲೇಬ್ಯಾಡ್ರಿ. ಅಲ್ಲಿ ಕೂತವರ ಪೈಕಿ ಭಾಳ ಮಂದಿ ಸಾಲ್ಯಾಗ ಅದೇ ನಡದೈತಿ."

ಬೈದಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು. ಸೈಕಲ್ಲು ಹೊಲದ ದಾರಿಯಲ್ಲಿ ಮರೆಯಾಗುವ ತನಕ ಮಾಸ್ತರರು ಅಲ್ಲೇ ನಿಂತರು. ಎಮ್ಮೆಗೂ ಕುಳ್ಳಿಗೂ ಪರಿಹಾರ ಸುಲಭ, ನಾಳೆಯಿಂದ ಬಿಡಿಸಿದರಾಯಿತು. ಆದರೆ ಎದೆಯಲ್ಲಿ ಚುಚ್ಚುತ್ತಿದ್ದದ್ದು ಅದಲ್ಲ. ಮಾಡಿಸಿದ್ದಕ್ಕಿಂತ ಮಾಡಿಸದೇ ಇದ್ದದ್ದೇ ದೊಡ್ಡ ತಪ್ಪಾಗಿತ್ತು. ಅದನ್ನು ತಾನು ಕರುಣೆ ಎಂದು ಕರೆದುಕೊಂಡಿದ್ದೆನಲ್ಲ, ಥೂ, ಎನ್ನಿಸಿತು.

ಇವತ್ತೇ, ಈಗಲೇ ಸರಿಮಾಡಬೇಕು ಎಂದು ದಾಪುಗಾಲು ಹಾಕಿ ಒಳಗೆ ಬಂದರು. ಕೊಡದ ಪಕ್ಕದ ತಂಬಿಗೆ ತೆಗೆದು ಮರೆವ್ವನ ಮುಂದೆ ಹಿಡಿದರು. ಮಕ್ಕಳೆಲ್ಲ ಕಣ್ಣರಳಿಸಿದರು.

"ಮರೆವ್ವಾ, ಇವತ್ತ ಬಾವಿಗೆ ಹೋಗಿ ನೀ ನೀರ ತಾರವ್ವಾ. ಯಾರರ ಕೇಳಿದ್ರ ನಾ ಕಳಿಸೇನಿ ಅನ್ನು."

ಹುಡುಗಿಯ ಮುಖ ಅರಳಿತು. ಎರಡೂ ಕೈಯಿಂದ ತಂಬಿಗೆ ಇಸಿದುಕೊಂಡಳು. ಆ ತಂಬಿಗೆಯನ್ನು ಅವಳು ಮುಟ್ಟಿದ್ದು ಅದೇ ಮೊದಲು. ಹೊಸ್ತಿಲು ದಾಟಿದವಳು ಏನೋ ನೆನಪಾದಂತೆ ತಿರುಗಿ ನಿಂತಳು.

"ಗುರುಗಳ, ನಾ ತಂದ್ರ ನೀವು ಕುಡೀತೀರೇನ್ರಿ?"

ಕೇಳಿದ್ದು ಅಷ್ಟೇ. ತರಿಸುವುದರ ಬಗ್ಗೆ ಮಾಸ್ತರರು ಯೋಚಿಸಿದ್ದರು, ಕುಡಿಯುವುದರ ಬಗ್ಗೆ ಯೋಚಿಸಿರಲಿಲ್ಲ. 'ಹೂಂ' ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ತೀರಿಹೋದ ತಾಯಿ ಕಣ್ಣಮುಂದೆ ಬಂದಳು, ಗೌಡರ ಕಟ್ಟೆ ಬಂತು, ಅಡುಗೆಮನೆಯಲ್ಲಿ ಕುಳಿತ ಹೆಂಡತಿ ಬಂದಳು. ತಡವಾದದ್ದು ಒಂದೇ ಗಳಿಗೆ. ಆಮೇಲೆ "ಕುಡೀತೇನಿ, ಕುಡೀತೇನವ್ವಾ" ಎಂದು ಅವಸರದಿಂದ ಅಂದರು.

ಅಷ್ಟೊತ್ತಿಗೆ ಮರೆವ್ವ ಒಳಗೆ ಬಂದಾಗಿತ್ತು. ತಂಬಿಗೆಯನ್ನು ಸದ್ದಾಗದಂತೆ ಹೊಸ್ತಿಲ ಒಳಗಿಟ್ಟಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ತನ್ನ ಮಾಸ್ತರರು ಕಷ್ಟಕ್ಕೆ ಸಿಕ್ಕಿದ್ದಾರೆ, ಬಿಡಿಸಬೇಕು ಎಂಬಂತಿತ್ತು ಅವಳ ಮುಖ.

"ಇರ್ಲಿ ಬಿಡ್ರಿ ಗುರುಗಳ," ಎಂದಳು. "ನಿಮಗ ಈಗ ನೀರಡಿಕಿ ಇಲ್ಲ ಕಾಣತೈತಿ. ನೀರಡಿಸಿದಾಗ ಹೇಳ್ರಿ, ತರ್ತೇನಿ."

ಮತ್ತೆ ಬಾಗಿಲ ಹತ್ತಿರ ತನ್ನ ಜಾಗದಲ್ಲಿ ಹೋಗಿ ಕುಳಿತಳು. ಮಾಸ್ತರರಿಗೆ ಗಂಟಲು ಒಣಗಿಹೋಗಿತ್ತು.